ಸಹಿಗೆ ಮೊದಲು ಲೆಕ್ಕ: ಜಪಾನಿನಲ್ಲಿ ಬಾಡಿಗೆ ಮನೆ ಹಿಡಿಯುವ ಕನ್ನಡಿಗರಿಗೆ ಕರೆ



ಜನವರಿಯಿಂದ ಮಾರ್ಚ್ ಕೊನೆಯವರೆಗೆ ಜಪಾನಿನಲ್ಲಿ ಮನೆ ಬದಲಿಸುವ ಕಾಲ. ಏಪ್ರಿಲ್ 1ಕ್ಕೆ ಕಂಪನಿಗಳ ಹೊಸ ವರ್ಷವೂ ಶುರು, ಶಾಲೆಗಳ ಹೊಸ ವರ್ಷವೂ ಶುರು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಿಂದ ಕೆಲಸಕ್ಕೆಂದು ಬಂದವರು ಕಂಪನಿ ಕೊಟ್ಟ ತಾತ್ಕಾಲಿಕ ಕೋಣೆ ಬಿಟ್ಟು ಸ್ವಂತಕ್ಕೊಂದು ಬಾಡಿಗೆ ಮನೆ ಹುಡುಕುತ್ತಾರೆ. ಆಗ ನಮ್ಮ ವಾಟ್ಸಾಪ್ ಗುಂಪುಗಳಿಗೆ ಒಂದೇ ತರಹದ ಸಂದೇಶ ಮತ್ತೆ ಮತ್ತೆ ಬರುತ್ತದೆ. ಮೊದಲು ಮನೆ ಏಜೆನ್ಸಿಯವರು ಕೊಟ್ಟ ಎಸ್ಟಿಮೇಟ್ ಹಾಳೆಯ ಫೋಟೋ, ಅದರ ಕೆಳಗೆ ಪ್ರಶ್ನೆ: "ಕೊನೆಗೆ ಎಷ್ಟು ಕಟ್ಟಬೇಕು? ಇದು ಸರಿ ಇದೆಯಾ?"

ಉತ್ತರವೂ ಬಹುತೇಕ ಒಂದೇ: "ನಾನೂ ಹೆಚ್ಚುಕಡಿಮೆ ಅಷ್ಟೇ ಕೊಟ್ಟೆ, ಕೊಟ್ಟುಬಿಡಿ."

ಈ ಕರಪತ್ರ ಆ ಉತ್ತರದ ವಿರುದ್ಧ. ಆ ಹಾಳೆಯಲ್ಲಿ ಬಾಡಿಗೆ ಇರುತ್ತದೆ, ಕಮಿಷನ್ ಇರುತ್ತದೆ, ತೆರಿಗೆ ಇರುತ್ತದೆ, ಹಲವು ಬಾರಿ ಒಂದು ರಿಯಾಯಿತಿಯೂ ಇರುತ್ತದೆ. ನಾಲ್ಕಕ್ಕೂ ಬೇರೆ ಬೇರೆ ನಿಯಮ. ನಾಲ್ಕನ್ನೂ ಕಲಸಿ ಕೂಡಿದರೆ ತಪ್ಪು ಮೊತ್ತ ಬರುತ್ತದೆ, ಬಿಡಿಸಿ ಕೂಡಿದರೆ ಸರಿಯಾದ ಮೊತ್ತ ಬರುತ್ತದೆ. ಬಿಡಿಸಿ ಕೂಡುವವರು ನೋಡದೆ ಹೋಗಲಾರದ ಇನ್ನೊಂದು ಸಂಗತಿಯಿದೆ. ದೊಡ್ಡ ಅಕ್ಷರದಲ್ಲಿ ಬರೆದ ರಿಯಾಯಿತಿ ಬಹಳ ಸಲ ನಮಗೆ ಲಾಭವೇ ಅಲ್ಲ. ರಿಯಾಯಿತಿ ಕಳೆದ ಮೇಲೂ ಕಮಿಷನ್ ಕಾನೂನಿನ ಸಾಮಾನ್ಯ ಮಿತಿಗಿಂತ ಮೇಲೆಯೇ ನಿಂತಿರುತ್ತದೆ.

ಮೊದಲು ಫೋಟೋ ಸರಿಯಾಗಿ ತೆಗೆಯಿರಿ

ಏಜೆನ್ಸಿಯ ಗಾಜಿಗೆ ಅಂಟಿಸಿದ ಮನೆಯ ಹಾಳೆಯೇ ಆಗಲಿ, ಮೇಜಿನ ಮೇಲೆ ಕೊಟ್ಟ ಎಸ್ಟಿಮೇಟೇ ಆಗಲಿ, ನಾವು ಫೋಟೋ ತೆಗೆಯುವಾಗ ಮನೆಯ ನಕ್ಷೆ ಮತ್ತು ದೊಡ್ಡ ಅಂಕಿಗಳ ಕಡೆಗಷ್ಟೇ ಕ್ಯಾಮೆರಾ ತಿರುಗಿಸುತ್ತೇವೆ. ಹಾಳೆಯ ಅಡಿಯಲ್ಲೊಂದು ಪಟ್ಟಿ ಇರುತ್ತದೆ. ಏಜೆನ್ಸಿಯ ಹೆಸರು, ಅದರ ಪರವಾನಗಿ ಸಂಖ್ಯೆ ಮತ್ತು ಬಹಳ ಸಲ ಕಮಿಷನ್ ವಿವರ ಇರುವುದು ಅಲ್ಲೇ. ಎಸ್ಟಿಮೇಟ್ ಆದರೆ ತೆರಿಗೆ ಸೇರಿದೆಯೋ ಇಲ್ಲವೋ ಎಂಬ ಸಣ್ಣ ಅಕ್ಷರದ ಸಾಲು ಕೊನೆಯಲ್ಲಿರುತ್ತದೆ. ಫೋಟೋದಲ್ಲಿ ಆ ತುದಿ ಕತ್ತರಿಸಿಹೋಗಿದ್ದರೆ ಗುಂಪಿನಲ್ಲಿ ಯಾರೂ ನಿಮಗೆ ಖಚಿತ ಮೊತ್ತ ಹೇಳಲಾರರು. ನಾಲ್ಕು ಮೂಲೆಯೂ ಕಾಣುವಂತೆ, ಗಾಜಿನ ಹೊಳಪು ಅಂಕಿಗಳ ಮೇಲೆ ಬೀಳದಂತೆ ತೆಗೆಯಿರಿ. ಹಿಂಬದಿಯಲ್ಲಿ ಏನಾದರೂ ಮುದ್ರಿಸಿದ್ದರೆ ಅದನ್ನೂ ತೆಗೆಯಿರಿ.

ಫೋನಿನ ಅನುವಾದ ಕ್ಯಾಮೆರಾ ನೆರವಿಗೆ ಬರುತ್ತದೆ, ಆದರೆ ಅಂಕಿಗಳ ವಿಷಯದಲ್ಲಿ ಅದನ್ನು ನಂಬಿ ಕೂರಬೇಡಿ. ಅದು ಮೂಲ ಅಕ್ಷರಗಳ ಮೇಲೆ ಇಂಗ್ಲಿಷ್ ಹೊದಿಸುತ್ತದೆ. ಹಾಗೆ ಹೊದಿಸುವಾಗ ಒಂದು ಸಾಲಿನ ಹೆಸರು ಪಕ್ಕದ ಸಾಲಿನ ಅಂಕಿಯ ಎದುರಿಗೆ ಹೋಗಿ ಕೂರಬಹುದು. ಜಪಾನಿನಲ್ಲಿ ಬಾಡಿಗೆಯನ್ನು ಹತ್ತು ಸಾವಿರದ ಲೆಕ್ಕದಲ್ಲಿ, ಅಂದರೆ 'ಮಾನ್' ಎಂದು ಬರೆಯುವುದು ರೂಢಿ. 9.0 ಮಾನ್ ಎಂದರೆ 90,000 ಯೆನ್. ಠೇವಣಿಯ ಸಾಲಿನಲ್ಲಿ ಬರೀ '1' ಇದ್ದರೆ ಒಂದು ತಿಂಗಳ ಬಾಡಿಗೆ ಎಂದು ಅರ್ಥ. ಆದ್ದರಿಂದ ಅನುವಾದದ ಚಿತ್ರದ ಜೊತೆಗೆ ಮೂಲ ಫೋಟೋವನ್ನೂ ಇಟ್ಟುಕೊಳ್ಳಿ. ಲೆಕ್ಕ ಮಾಡುವುದು ಮೂಲ ಫೋಟೋದ ಅಂಕಿಗಳ ಮೇಲೆಯೇ.

ಪರದೆ ಹಿಗ್ಗಿಸಿ ಹುಡುಕಬೇಕಾದ ಗುರುತುಗಳು ಮೂರೇ. 税込 ಎಂದಿದ್ದರೆ ತೆರಿಗೆ ಸೇರಿದೆ. 税別 ಎಂದಿದ್ದರೆ ತೆರಿಗೆ ಸೇರಿಲ್ಲ, ಮೇಲೆ ಕೂಡಬೇಕು. 非課税 ಎಂದಿದ್ದರೆ ಆ ಸಾಲಿಗೆ ತೆರಿಗೆಯೇ ಇಲ್ಲ. ಈ ಮೂರನ್ನು ಕಣ್ಣಿಗೆ ಅಭ್ಯಾಸ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

"ಅಂಗಡಿಯಲ್ಲಿ ಎಲ್ಲ ಬೆಲೆಯೂ ತೆರಿಗೆ ಸೇರಿಸಿಯೇ ಇರುತ್ತದಲ್ಲ, ಇಲ್ಲೂ ಹಾಗೇ ಇರಬೇಕು" ಎಂದು ಹಲವರು ಭಾವಿಸುತ್ತಾರೆ. 2021ರ ಏಪ್ರಿಲ್ 1ರಿಂದ ಗ್ರಾಹಕರಿಗೆ ತೋರಿಸುವ ಬೆಲೆಯಲ್ಲಿ ತೆರಿಗೆ ಸೇರಿದ ಮೊತ್ತ ಕಾಣಲೇಬೇಕು ಎಂಬ ನಿಯಮ ಮತ್ತೆ ಪೂರ್ತಿ ಜಾರಿಗೆ ಬಂದದ್ದು ನಿಜ. ಆದರೆ ಆ ನಿಯಮ ಅಂಗಡಿಯ ಬೆಲೆಚೀಟಿ, ಜಾಹೀರಾತು, ಕ್ಯಾಟಲಾಗ್‌ಗಳಿಗೆ. ಒಬ್ಬ ಗಿರಾಕಿಗೆಂದು ಬರೆದುಕೊಡುವ ಎಸ್ಟಿಮೇಟ್‌ಗೆ, ಬಿಲ್ಲಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ತೆರಿಗೆ ಬಿಟ್ಟು ಬರೆದ ಎಸ್ಟಿಮೇಟ್ ಕಂಡರೆ ಅದು ಮೋಸ ಎಂದುಕೊಳ್ಳಬೇಡಿ. ಅಂಥ ಹಾಳೆ ಎಂದು ಗುರುತಿಸುವುದು ಮಾತ್ರ ನಮ್ಮ ಕೆಲಸ.

ತೆರಿಗೆ ಎಲ್ಲದರ ಮೇಲೂ ಇಲ್ಲ

ಜಪಾನಿನ ಬಳಕೆ ತೆರಿಗೆ 1989ರಲ್ಲಿ 3%ರಿಂದ ಶುರುವಾಗಿ, 5%, 8% ದಾಟಿ 2019ರ ಅಕ್ಟೋಬರ್ 1ರಂದು 10%ಕ್ಕೆ ಬಂತು. ಮನೆಗೆ ಒಯ್ಯುವ ಆಹಾರಕ್ಕೆ 8% ಉಳಿದಿದೆ. ಇಷ್ಟು ನಮಗೆಲ್ಲ ಗೊತ್ತು. ಆದರೆ ವಾಸದ ಮನೆಯ ಬಾಡಿಗೆಗೆ ಬಳಕೆ ತೆರಿಗೆ ಇಲ್ಲ ಎಂಬುದು ಹೊಸಬರಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ತೆರಿಗೆ ಬಂದ ಹೊಸದರಲ್ಲಿ ಬಾಡಿಗೆಗೂ ಅದು ಬೀಳುತ್ತಿತ್ತು. 1991ರಲ್ಲಿ ವಾಸದ ಮನೆಗಳನ್ನು ಅದರಿಂದ ಹೊರಗಿಟ್ಟರು. ಬಾಡಿಗೆಯ ಜೊತೆ ತಿಂಗಳು ತಿಂಗಳು ಕಟ್ಟುವ ನಿರ್ವಹಣಾ ಶುಲ್ಕಕ್ಕೂ ತೆರಿಗೆಯಿಲ್ಲ. ಶಿಕಿಕಿನ್ ಎಂಬ ಠೇವಣಿಗೂ ಇಲ್ಲ, ಮನೆಯ ಮಾಲೀಕರಿಗೆ ಕೊಟ್ಟು ಮರೆಯಬೇಕಾದ ರೇಕಿನ್‌ಗೂ ಇಲ್ಲ. ಜಾಮೀನು ಕಂಪನಿಯ ಶುಲ್ಕ, ಬೆಂಕಿ ವಿಮೆ, ಇವೂ ತೆರಿಗೆಯಿಂದ ಹೊರಗೆ.

10% ಬೀಳುವುದು ಬೇರೊಬ್ಬರು ನಿಮಗಾಗಿ ಮಾಡಿದ ಕೆಲಸಕ್ಕೆ. ಏಜೆನ್ಸಿಯ ಕಮಿಷನ್, ಬೀಗ ಬದಲಿಸುವ ಖರ್ಚು, ಕೋಣೆಗೆ ಕ್ರಿಮಿನಾಶಕ ಹೊಡೆಯುವ ಶುಲ್ಕ, 24 ಗಂಟೆ ಸಹಾಯವಾಣಿಯ ಶುಲ್ಕ ಈ ಸಾಲಿಗೆ ಸೇರಿದವು.

ಇದಕ್ಕೆ ಎರಡು ಅಪವಾದಗಳನ್ನು ನೆನಪಿಡಿ. ಬಂದ ಹೊಸದರಲ್ಲಿ ಒಂದು ತಿಂಗಳಿಗಿಂತ ಕಡಿಮೆ ಅವಧಿಗೆ ಹಿಡಿಯುವ ವಾರದ ಲೆಕ್ಕದ ಕೋಣೆಗೆ ತೆರಿಗೆ ಇದೆ. ಕಾರು ನಿಲ್ಲಿಸುವ ಜಾಗವನ್ನು ಪ್ರತ್ಯೇಕವಾಗಿ ಬಾಡಿಗೆಗೆ ಪಡೆದರೆ ಅದಕ್ಕೂ ತೆರಿಗೆ ಇದೆ. ಮೊದಲಿದ್ದ ವಾರದ ಲೆಕ್ಕದ ಕೋಣೆಯ ಬಿಲ್ಲಿನಲ್ಲಿ ಬಾಡಿಗೆಗೆ 10% ನೋಡಿದವರು ಹೊಸ ಮನೆಯ ಬಾಡಿಗೆಗೂ ಅದನ್ನು ಕೂಡಿಬಿಡುವುದು ಹೀಗೆಯೇ.

ಕಮಿಷನ್: ಒಂದು ತಿಂಗಳು ಎಂಬುದು ಮಿತಿ, ದರವಲ್ಲ

ಈಗ ಮುಖ್ಯ ವಿಷಯಕ್ಕೆ ಬರೋಣ. ಬೆಂಗಳೂರಿನಲ್ಲಿ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಕೊಟ್ಟು ರೂಢಿ. ಇಲ್ಲಿಯ ಎಸ್ಟಿಮೇಟ್‌ನಲ್ಲೂ 'ಕಮಿಷನ್, ಒಂದು ತಿಂಗಳು' ಎಂದು ಕಂಡಾಗ ನಮಗೆ ಅದು ಸಹಜವೆನಿಸುತ್ತದೆ, ಪ್ರಶ್ನೆಯೇ ಏಳುವುದಿಲ್ಲ. ಜಪಾನಿನ ಕಾನೂನು ಹೇಳುವುದು ಬೇರೆ.

ಮನೆ ಏಜೆನ್ಸಿಗಳು ಪಡೆಯಬಹುದಾದ ಕಮಿಷನ್‌ಗೆ ಸರ್ಕಾರ 1970ರಲ್ಲೇ ಅಧಿಸೂಚನೆಯ ಮೂಲಕ ಮಿತಿ ಹಾಕಿದೆ. ಕಾಲಕಾಲಕ್ಕೆ ತಿದ್ದುಪಡಿಯಾಗಿ ಅದು ಇಂದಿಗೂ ಜಾರಿಯಲ್ಲಿದೆ. ಬಾಡಿಗೆ ಮನೆಯ ವಿಷಯದಲ್ಲಿ ಮನೆ ಮಾಲೀಕರು ಮತ್ತು ಬಾಡಿಗೆದಾರರು ಇಬ್ಬರಿಂದಲೂ ಸೇರಿ ಏಜೆನ್ಸಿ ಪಡೆಯಬಹುದಾದದ್ದು ಸಾಮಾನ್ಯವಾಗಿ ಹೆಚ್ಚೆಂದರೆ ಒಂದು ತಿಂಗಳ ಬಾಡಿಗೆ ಮತ್ತು ಅದರ ತೆರಿಗೆ, ಅಂದರೆ ಬಾಡಿಗೆಯ 1.1 ಪಟ್ಟು. ವಾಸದ ಮನೆಯಾದರೆ ಒಬ್ಬರಿಂದ ಪಡೆಯಬಹುದಾದದ್ದು ಅರ್ಧ ತಿಂಗಳು ಮತ್ತು ತೆರಿಗೆ, ಅಂದರೆ 0.55 ಪಟ್ಟು. ಅದಕ್ಕಿಂತ ಹೆಚ್ಚು ಬೇಕಿದ್ದರೆ ಆ ಒಬ್ಬರ ಒಪ್ಪಿಗೆ ಇರಬೇಕು. ಆ ಒಪ್ಪಿಗೆಯನ್ನು ಮನೆ ಹುಡುಕಿಕೊಡುವ ಕೆಲಸ ವಹಿಸಿಕೊಳ್ಳುವಾಗಲೇ ಪಡೆದಿರಬೇಕು. ಎಲ್ಲ ಮುಗಿದು ಹಣ ಕಟ್ಟುವ ಹೊತ್ತಿಗೆ ಹಾಳೆ ಮುಂದಿಟ್ಟು ಸಹಿ ಹಾಕಿಸಿಕೊಂಡರೆ ಸಾಲದು.

ಇದು ಬರಿಯ ಪುಸ್ತಕದ ಮಾತಲ್ಲ. ಹೀಗೆ ಒಂದು ತಿಂಗಳ ಕಮಿಷನ್ ಕಟ್ಟಿದ ಬಾಡಿಗೆದಾರರೊಬ್ಬರು, ಮೊದಲೇ ತಮ್ಮ ಒಪ್ಪಿಗೆ ಪಡೆದಿರಲಿಲ್ಲ ಎಂದು ನ್ಯಾಯಾಲಯಕ್ಕೆ ಹೋದರು. 2019ರಲ್ಲಿ ತೋಕ್ಯೋ ಜಿಲ್ಲಾ ನ್ಯಾಯಾಲಯ ಅರ್ಧ ತಿಂಗಳಿಗೆ ಮೀರಿದ ಹಣವನ್ನು ಹಿಂತಿರುಗಿಸಲು ಹೇಳಿತು. 2020ರ ಜನವರಿಯಲ್ಲಿ ತೋಕ್ಯೋ ಹೈಕೋರ್ಟ್ ಕೂಡ ಅದೇ ನಿಲುವನ್ನು ಎತ್ತಿಹಿಡಿಯಿತು.

ಕಮಿಷನ್ ಲೆಕ್ಕಕ್ಕೆ ಬುಡ ಯಾವುದು ಎಂಬುದನ್ನೂ ನೋಡಿ. ಬುಡ ಬಾಡಿಗೆ ಮಾತ್ರ. ನಿರ್ವಹಣಾ ಶುಲ್ಕ ಅದರಲ್ಲಿ ಸೇರಬಾರದು. ಬಾಡಿಗೆ 90,000, ನಿರ್ವಹಣೆ 6,000 ಇರುವ ಮನೆಗೆ ಕಮಿಷನ್ ಸಾಲಿನಲ್ಲಿ 1,05,600 ಎಂದಿದ್ದರೆ ಅದನ್ನು 1.1ರಿಂದ ಭಾಗಿಸಿ ನೋಡಿ. 96,000 ಬರುತ್ತದೆ. ಅಂದರೆ ನಿರ್ವಹಣೆಯನ್ನೂ ಕೂಡಿ ಕಮಿಷನ್ ಹಾಕಿದ್ದಾರೆ. ನೀವು ಒಂದು ತಿಂಗಳಿಗೆ ಒಪ್ಪಿದ್ದರೂ ಅದು 99,000 ದಾಟುವಂತಿಲ್ಲ. 1.1ರಿಂದ ಭಾಗಿಸುವ ಈ ಒಂದು ಪರೀಕ್ಷೆಯನ್ನು ಪ್ರತಿ ಎಸ್ಟಿಮೇಟ್‌ಗೂ ಮಾಡಿ. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಅರೆಕ್ಷಣದ ಕೆಲಸ.

ಒಂದು ಹಾಳೆಯನ್ನು ಕೂಡಿ ನೋಡೋಣ

ಗುಂಪಿಗೆ ಬರುವಂಥ ಒಂದು ಮಾದರಿ ಹಾಳೆಯನ್ನು ತೆಗೆದುಕೊಳ್ಳಿ. ಬಾಡಿಗೆ 90,000 ಯೆನ್, ನಿರ್ವಹಣೆ 6,000. ಏಪ್ರಿಲ್ 16ಕ್ಕೆ ಮನೆ ಸೇರುವುದು. ಕೆಳಗೆ ಸಣ್ಣ ಅಕ್ಷರದಲ್ಲಿ 税別. ಮೇಲೆ ಕೆಂಪು ಅಕ್ಷರದಲ್ಲಿ 'ಕಮಿಷನ್‌ನಲ್ಲಿ 20% ರಿಯಾಯಿತಿ'.

ಏಪ್ರಿಲ್‌ನಲ್ಲಿ ಉಳಿದದ್ದು 15 ದಿನ. ಬಾಡಿಗೆ, ನಿರ್ವಹಣೆ ಸೇರಿ 96,000ದ ಅರ್ಧ 48,000. ಮೇ ತಿಂಗಳದ್ದು ಮುಂಗಡವಾಗಿ 96,000. ಠೇವಣಿ ಒಂದು ತಿಂಗಳು 90,000. ರೇಕಿನ್ ಒಂದು ತಿಂಗಳು 90,000. ಜಾಮೀನು ಕಂಪನಿಗೆ ತಿಂಗಳ ಒಟ್ಟು ಮೊತ್ತದ ಅರ್ಧ, 48,000. ಬೆಂಕಿ ವಿಮೆ 18,000. ಬೀಗ ಬದಲಾವಣೆ 20,000. ಕ್ರಿಮಿನಾಶಕ 15,000. ಕಮಿಷನ್ ಒಂದು ತಿಂಗಳು, 90,000.

ಅವಸರದಲ್ಲಿ ನಾವು ಮಾಡುವುದು ಹೀಗೆ: ಎಲ್ಲವನ್ನೂ ಕೂಡಿದರೆ 5,15,000. 20% ಕಳೆದರೆ 4,12,000. 10% ತೆರಿಗೆ ಕೂಡಿದರೆ 4,53,200. "ಕೈಯಲ್ಲಿ ನಾಲ್ಕೂವರೆ ಲಕ್ಷ ಇದ್ದರೆ ಸಾಕು" ಎಂದುಕೊಂಡು ಹೋಗುತ್ತೇವೆ. ಅಲ್ಲಿ ಅದರ ಮೇಲೆ ಇನ್ನೂ ಅರ್ಧ ಲಕ್ಷಕ್ಕೂ ಹೆಚ್ಚು ಕೇಳಿದಾಗ ಕಂಗಾಲಾಗಿ, ಇದ್ದ ಒಬ್ಬ ಸ್ನೇಹಿತನಿಗೆ ಫೋನ್ ಮಾಡುತ್ತೇವೆ. ಇನ್ನು ಕೆಲವರು ರಿಯಾಯಿತಿಯನ್ನು ಗಮನಿಸದೆ ಇಡೀ ಮೊತ್ತಕ್ಕೆ ತೆರಿಗೆ ಹಾಕಿ 5,66,500 ಎಂದು ಹೆದರುತ್ತಾರೆ. ಎರಡೂ ತಪ್ಪು.

ಸರಿಯಾದ ದಾರಿಯಲ್ಲಿ ಸಾಲುಗಳನ್ನು ಮೊದಲು ಎರಡು ಗುಂಪು ಮಾಡಬೇಕು. ತೆರಿಗೆ ಇಲ್ಲದವು ಎರಡು ಬಾಡಿಗೆಯ ಸಾಲು, ಠೇವಣಿ, ರೇಕಿನ್, ಜಾಮೀನು, ವಿಮೆ. ಇವನ್ನು ಕೂಡಿದರೆ 3,90,000. ಇದನ್ನು ಪಕ್ಕಕ್ಕಿಡಿ, ಇದಕ್ಕೆ ತೆರಿಗೆಯೂ ಇಲ್ಲ, ಆ ರಿಯಾಯಿತಿಯೂ ಇಲ್ಲ. ತೆರಿಗೆ ಬೀಳುವವು ಬೀಗ, ಕ್ರಿಮಿನಾಶಕ, ಕಮಿಷನ್. ರಿಯಾಯಿತಿ ಇರುವುದು ಕಮಿಷನ್‌ಗೆ ಮಾತ್ರ, ಆದ್ದರಿಂದ ಅದರಿಂದಲೇ ಕಳೆಯಬೇಕು: 90,000ದಲ್ಲಿ 18,000 ಹೋಗಿ 72,000. ಈಗ 20,000, 15,000, 72,000 ಕೂಡಿದರೆ 1,07,000. ಇದರ 10% ಅಂದರೆ 10,700. ತೆರಿಗೆ ಸೇರಿ 1,17,700. ಪಕ್ಕಕ್ಕಿಟ್ಟ 3,90,000ವನ್ನು ಇದಕ್ಕೆ ಕೂಡಿ.

3,90,000 + 1,17,700 = 5,07,700 ಯೆನ್

ಆ ಹಾಳೆ ಕೇಳುತ್ತಿರುವುದು ಇಷ್ಟು. ರಿಯಾಯಿತಿ ಮೊದಲು ಕಳೆದು ತೆರಿಗೆ ಆಮೇಲೆ ಹಾಕಿದರೂ, ತೆರಿಗೆ ಹಾಕಿದ ಮೇಲೆ ಅದೇ 20% ಕಳೆದರೂ ಉತ್ತರ ಒಂದೇ, ಯಾಕೆಂದರೆ ಎರಡೂ ಗುಣಾಕಾರಗಳೇ. ಆದರೆ ರಿಯಾಯಿತಿ ಶೇಕಡದಲ್ಲಿ ಇಲ್ಲದೆ '10,000 ಯೆನ್ ಕಡಿತ' ಎಂದು ಮೊತ್ತದಲ್ಲಿದ್ದರೆ ಹಾಗಲ್ಲ. ತೆರಿಗೆಗೆ ಮೊದಲು ಕಳೆದರೆ ನಿಮಗೆ 11,000 ಉಳಿಯುತ್ತದೆ, ತೆರಿಗೆ ಆದ ಮೇಲೆ ಕಳೆದರೆ 10,000 ಮಾತ್ರ. ಅಂಥ ಸಾಲು ಕಂಡರೆ ಯಾವ ಮೊತ್ತದಿಂದ ಕಳೆಯುತ್ತಾರೆ ಎಂದು ಕೇಳಿ.

ಈಗ ಆ ಕೆಂಪು ಅಕ್ಷರಕ್ಕೆ ಮರಳಿ ಬನ್ನಿ. 20% ಕಳೆದ ಕಮಿಷನ್ ತೆರಿಗೆ ಸೇರಿ 79,200. ನೀವು ಮೊದಲೇ ಹೆಚ್ಚಿಗೆ ಒಪ್ಪಿಕೊಂಡಿಲ್ಲವಾದರೆ ಕಾನೂನಿನ ಮಿತಿ 45,000 ಮತ್ತು ತೆರಿಗೆ, ಅಂದರೆ 49,500. ರಿಯಾಯಿತಿ ಎಂದು ಕೊಟ್ಟ ಮೇಲೂ ನಿಮ್ಮಿಂದ ಹೋಗುವುದು ಮಿತಿಗಿಂತ 29,700 ಯೆನ್ ಹೆಚ್ಚು. ಒಂದು ತಿಂಗಳನ್ನು ನೂರು ಎಂದಿಟ್ಟು ಅದರಲ್ಲಿ ಇಪ್ಪತ್ತು ಬಿಟ್ಟುಕೊಟ್ಟದ್ದನ್ನು ನೋಡಿ ನಾವು ಖುಷಿಪಡುತ್ತೇವೆ. ನಮ್ಮ ಒಪ್ಪಿಗೆ ಇಲ್ಲದೆ ಆ ಲೆಕ್ಕ ಶುರುವಾಗಬೇಕಾದದ್ದೇ ಐವತ್ತರಿಂದ. ರಿಯಾಯಿತಿ ಶೇಕಡ ಎಷ್ಟು ಎಂದು ಕೇಳುವುದಕ್ಕಿಂತ, ಕೊನೆಗೆ ಬಾಡಿಗೆಯ ಎಷ್ಟು ಪಟ್ಟು ಆಯಿತು ಎಂದು ನೋಡಿ. 79,200ವನ್ನು 90,000ದಿಂದ ಭಾಗಿಸಿದರೆ 0.88. ಇದು 0.55ಕ್ಕಿಂತ ಹೆಚ್ಚು ಎಂಬುದು ಕಣ್ಣಿಗೇ ಕಾಣುತ್ತದೆ. ಕಮಿಷನ್‌ನಲ್ಲಿ 50% ರಿಯಾಯಿತಿ ಎಂದು ದೊಡ್ಡದಾಗಿ ಸಾರಿದರೆ ಅದು ಸರಿಯಾಗಿ ಆ ಸಾಮಾನ್ಯ ಮಿತಿಗೆ ಬಂದು ನಿಂತಿದೆ, ಅಷ್ಟೇ.

ಕ್ರಿಮಿನಾಶಕದ 15,000ವೂ ಚರ್ಚೆಗೆ ಅರ್ಹ. ಅದು ಬಹಳ ಸಲ ಏಜೆನ್ಸಿ ತಾನಾಗಿ ಸೇರಿಸುವ ಸೇವೆ. ಮನೆ ಕೊಡಲು ಮಾಲೀಕರು ಹಾಕಿದ ಷರತ್ತಾಗಿ ಕರಾರಿನಲ್ಲಿ ಅದು ಇಲ್ಲದಿದ್ದರೆ ಬೇಡ ಎನ್ನಬಹುದು. ಬೀಗದ ವಿಷಯ ಹಾಗಲ್ಲ. ಹಿಂದಿನ ಬಾಡಿಗೆದಾರರ ಬೀಗದ ಕೈಯಲ್ಲೇ ನಿಮ್ಮ ಬಾಗಿಲು ತೆರೆಯುವ ಸ್ಥಿತಿ ಯಾರಿಗೂ ಬೇಡ, ಅದಕ್ಕೆ ಜಗಳ ತೆಗೆಯಲು ನಾನು ಹೇಳುವುದಿಲ್ಲ. ಕಮಿಷನ್ ಅರ್ಧ ತಿಂಗಳಾಗಿ, ಕ್ರಿಮಿನಾಶಕ ಹೊರಟುಹೋದರೆ ತೆರಿಗೆ ಬೀಳುವ ಗುಂಪಿನಲ್ಲಿ ಉಳಿಯುವುದು 65,000, ತೆರಿಗೆ ಸೇರಿ 71,500. ಒಟ್ಟು 4,61,500. ಮೊದಲಿನ 5,07,700ಕ್ಕೂ ಇದಕ್ಕೂ 46,200 ಯೆನ್ ವ್ಯತ್ಯಾಸ. ಅದೇ ಮನೆ, ಅದೇ ದಿನ, ಅದೇ ಮಾಲೀಕರು.

ಒಂದೆರಡು ಯೆನ್ ವ್ಯತ್ಯಾಸಕ್ಕೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ತೆರಿಗೆ ಲೆಕ್ಕದಲ್ಲಿ ಯೆನ್‌ಗಿಂತ ಕಡಿಮೆಯ ಚೂರನ್ನು ಬಿಡುವುದೋ, ಮೇಲಕ್ಕೆ ಏರಿಸುವುದೋ ವ್ಯಾಪಾರಿಗೆ ಬಿಟ್ಟದ್ದು. ದಿನದ ಲೆಕ್ಕದ ಬಾಡಿಗೆಯಲ್ಲಿ ವ್ಯತ್ಯಾಸ ಸ್ವಲ್ಪ ದೊಡ್ಡದಾಗಬಹುದು. 31 ದಿನದ ತಿಂಗಳಿಗೂ ಕೆಲವರು 30ರಿಂದಲೇ ಭಾಗಿಸುತ್ತಾರೆ. ಕರಾರಿನಲ್ಲಿ ಹಾಗೆಂದು ಬರೆದಿದ್ದರೆ ಅದು ನಡೆಯುತ್ತದೆ. ಬರೆದಿದೆಯೇ ಎಂದು ನೋಡಿ. ಮೊದಲ ತಿಂಗಳ ಬಾಡಿಗೆ ಉಚಿತ ಎಂಬ ಕೊಡುಗೆಯಿದ್ದರೆ ಆ ಸಾಲು ಮೊತ್ತದಿಂದ ನಿಜವಾಗಿಯೂ ಹೋಗುತ್ತದೆ. ಆದರೆ ಒಂದು ವರ್ಷದೊಳಗೆ ಅಥವಾ ಕರಾರಿನ ಅವಧಿಯೊಳಗೆ ಮನೆ ಬಿಟ್ಟರೆ ದಂಡ ಎಂಬ ಷರತ್ತು ಜೊತೆಗೇ ಬಂದಿರುತ್ತದೆ. ಪ್ರಾಜೆಕ್ಟ್ ಯಾವಾಗ ಮುಗಿಯುತ್ತದೋ ತಿಳಿಯದವರು ಆ ಷರತ್ತನ್ನು ಓದದೆ ಒಪ್ಪಬಾರದು.

ಯಾವಾಗ ಕೇಳಬೇಕು

ಕೇಳಲು ಸರಿಯಾದ ಹೊತ್ತು ಒಂದೇ. ಮನೆಗೆ ಅರ್ಜಿ ತುಂಬುವುದಕ್ಕೆ ಮೊದಲು. ಅರ್ಜಿ ನಮೂನೆಯಲ್ಲೇ 'ಕಮಿಷನ್ ಒಂದು ತಿಂಗಳು, ಒಪ್ಪಿದ್ದೇನೆ' ಎಂಬ ಸಾಲು ಇರಬಹುದು. ಅದರ ಕೆಳಗೆ ಸಹಿ ಹಾಕಿದರೆ ಕಾನೂನು ಕೇಳುವ ಒಪ್ಪಿಗೆಯನ್ನು ನೀವೇ ಕೈಯಾರೆ ಕೊಟ್ಟಂತೆ. ಆದ್ದರಿಂದ ಅರ್ಜಿಯನ್ನೂ ಸಹಿಗೆ ಮೊದಲು ಫೋಟೋ ತೆಗೆಯಿರಿ, ಗುಂಪಿಗೆ ಹಾಕುವ ಮುನ್ನ ಪಾಸ್‌ಪೋರ್ಟ್ ಸಂಖ್ಯೆ, ವಿಳಾಸ, ಸಂಬಳದ ವಿವರ ಮುಚ್ಚಿ. ಆ ಮಾಹಿತಿ ಯಾವ ಗುಂಪಿಗೂ ಬೇಕಿಲ್ಲ.

ಬಾಯಿ ಬಿಟ್ಟು ಕೇಳಲು ಒಂದು ವಾಕ್ಯ ಸಾಕು: "ಚೂಕಾಯ್ ತೆಸೂರ್ಯೋ ವಾ, ಯಾಚಿನ್ ನೊ ಹಾನ್‌ತ್ಸುಕಿ-ಬುನ್ ದೆ ಒನೆಗಾಯ್ ದೆಕಿಮಾಸ್ ಕಾ?" ಕಮಿಷನ್ ಅರ್ಧ ತಿಂಗಳ ಬಾಡಿಗೆಯಷ್ಟು ಮಾಡಿಕೊಳ್ಳಬಹುದೇ ಎಂದು ವಿನಯದಿಂದ ಕೇಳುವ ಮಾತಿದು. ಕೇಳಿದ ತಕ್ಷಣ ಹೊಸ ಎಸ್ಟಿಮೇಟ್ ಕೊಡಿ ಎನ್ನಿ. ಬಾಯಿಮಾತಿನ ರಿಯಾಯಿತಿ ಹಾಳೆಯಲ್ಲಿ ಕಾಣಬೇಕು.

ಅರ್ಜಿ ಹಾಕಿಯಾಗಿದ್ದರೂ ಕರಾರು ಆಗಿಲ್ಲವಾದರೆ ಇನ್ನೂ ಹಿಂದೆ ಸರಿಯಬಹುದು. ಅರ್ಜಿಯ ಜೊತೆ ಕೊಟ್ಟ ಮುಂಗಡವನ್ನು ಏಜೆನ್ಸಿ ಹಿಂತಿರುಗಿಸಬೇಕು, ಹಿಂತಿರುಗಿಸುವುದಿಲ್ಲ ಎನ್ನುವಂತಿಲ್ಲ. ಕರಾರಿಗೆ ಮೊದಲು ಪರವಾನಗಿ ಪಡೆದ ವ್ಯಕ್ತಿ ತನ್ನ ಗುರುತಿನ ಚೀಟಿ ತೋರಿಸಿ ಮುಖ್ಯ ಷರತ್ತುಗಳನ್ನು ವಿವರಿಸುವುದು ಕಡ್ಡಾಯ. ನಿಮ್ಮ ಲೆಕ್ಕಕ್ಕೂ ಅವರ ಮೊತ್ತಕ್ಕೂ ಹೊಂದದಿದ್ದರೆ ಕೇಳಲು ಅದೇ ಕೊನೆಯ ಬಾಗಿಲು. ಅದು ದಾಟಿದ ಮೇಲೆ ದಾರಿ ಕಷ್ಟ. ಆದರೂ ಮೊದಲೇ ಒಪ್ಪಿಗೆ ಪಡೆಯದೆ ಮಿತಿ ಮೀರಿ ತೆಗೆದುಕೊಂಡಿದ್ದಾರೆ ಎನಿಸಿದರೆ 188ಕ್ಕೆ ಫೋನ್ ಮಾಡಿ. ಅದು ಇಡೀ ದೇಶಕ್ಕೆ ಒಂದೇ ಇರುವ ಗ್ರಾಹಕ ಸಹಾಯವಾಣಿ, ನಿಮ್ಮ ಊರಿನ ಗ್ರಾಹಕ ಕೇಂದ್ರಕ್ಕೆ ಜೋಡಿಸುತ್ತದೆ. ಜಪಾನಿ ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಆಗ ಎಸ್ಟಿಮೇಟ್, ಅರ್ಜಿ, ರಸೀದಿ ಮೂರರ ಫೋಟೋವೂ ಕೈಯಲ್ಲಿರಬೇಕು.

ಅರ್ಧ ತಿಂಗಳಿಗೆ ಒಪ್ಪದ ಏಜೆನ್ಸಿ "ಹಾಗಾದರೆ ಬೇರೆ ಕಡೆ ನೋಡಿ" ಎನ್ನಬಹುದು. ನೀವು ಒಪ್ಪಿದರೆ ಒಂದು ತಿಂಗಳು ಪಡೆಯುವುದು ಅವರಿಗೆ ಕಾನೂನುಬದ್ಧವೇ. ಮಾರ್ಚ್ ತಿಂಗಳಲ್ಲಿ ನಿಮ್ಮ ಹಿಂದೆ ಇನ್ನೂ ನಾಲ್ಕು ಜನ ನಿಂತಿರುತ್ತಾರೆ. ಮೇಲಾಗಿ ನಾವು ಹೊರದೇಶದವರು. ಜಪಾನಿನ ನ್ಯಾಯ ಸಚಿವಾಲಯ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹಿಂದಿನ ಐದು ವರ್ಷದಲ್ಲಿ ಮನೆ ಹುಡುಕಿದ ಹೊರದೇಶದವರಲ್ಲಿ ಸುಮಾರು 40% ಜನ ತಾವು ಹೊರದೇಶದವರೆಂಬ ಕಾರಣಕ್ಕೆ ಮನೆ ಸಿಗಲಿಲ್ಲ ಎಂದಿದ್ದರು. ಇಂಥ ಮಾರುಕಟ್ಟೆಯಲ್ಲಿ, ಮಗುವನ್ನು ಎತ್ತಿಕೊಂಡು ಮನೆ ಹುಡುಕುತ್ತಿರುವ ಕುಟುಂಬಕ್ಕೆ 29,700 ಯೆನ್‌ಗಾಗಿ ಸಿಕ್ಕ ಮನೆ ಬಿಡಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಬೇಕಾದ ಮನೆಗೆ, ತಿಳಿದು, ಒಪ್ಪಿ, ಒಂದು ತಿಂಗಳು ಕೊಡುವವರನ್ನು ಯಾರೂ ದೂರಬಾರದು. ತಿಳಿಯದೆ ಕೊಡುವುದು ನಿಲ್ಲಬೇಕು, ನಾನು ಕೇಳುವುದು ಅಷ್ಟನ್ನೇ.

ಕಮಿಷನ್ ಬೇಡವೇ ಬೇಡ ಎನ್ನುವವರಿಗೆ ಒಂದು ದಾರಿ ತೆರೆದಿದೆ. ಯೂಆರ್ ಎಂದು ಕರೆಯುವ ನಗರಾಭಿವೃದ್ಧಿ ಸಂಸ್ಥೆಯ ಬಾಡಿಗೆ ಮನೆಗಳಿಗೆ ಕಮಿಷನ್ ಇಲ್ಲ, ರೇಕಿನ್ ಇಲ್ಲ, ಕರಾರು ನವೀಕರಿಸುವ ಶುಲ್ಕ ಇಲ್ಲ, ಜಾಮೀನುದಾರರೂ ಬೇಡ. ಠೇವಣಿ ಎರಡು ತಿಂಗಳು, ಜೊತೆಗೆ ನಿಗದಿತ ಆದಾಯ ಇದೆಯೆಂದು ತೋರಿಸಬೇಕು. ತೋಕ್ಯೋದ ಎದೊಗಾವಾ ವಾರ್ಡಿನ ನಿಶಿ-ಕಸಾಯ್ ಸುತ್ತ ಭಾರತೀಯ ಕುಟುಂಬಗಳು ನೆಲೆಯೂರಿದ್ದಕ್ಕೆ ಇಂಥ ಮನೆಗಳು ಅಲ್ಲಿದ್ದದ್ದೂ ಒಂದು ಕಾರಣ. ಬಾಡಿಗೆ ಸ್ವಲ್ಪ ಹೆಚ್ಚೆನಿಸಿದರೂ ಒಟ್ಟು ಆರಂಭಿಕ ಮೊತ್ತವನ್ನು ಮೇಲಿನ ಹಾಳೆಯ ಪಕ್ಕದಲ್ಲಿಟ್ಟು ಕೂಡಿ ನೋಡಿ, ಆಮೇಲೆ ನಿರ್ಧರಿಸಿ.

ನಮ್ಮ ಗುಂಪುಗಳಿಗೆ ಕರೆ

ಇನ್ನು ಮೇಲೆ ಗುಂಪಿಗೆ ಎಸ್ಟಿಮೇಟ್ ಫೋಟೋ ಬಂದರೆ ಯಾರೂ "ಕೊಟ್ಟುಬಿಡಿ" ಎಂದು ಉತ್ತರಿಸಬೇಡಿ. ಮೊದಲು ಪೂರ್ತಿ ಹಾಳೆಯ ಫೋಟೋ ಕೇಳಿ. ತೆರಿಗೆ ಇರುವ ಸಾಲು, ಇಲ್ಲದ ಸಾಲು ಬಿಡಿಸಿ ತೋರಿಸಿ. ಕಮಿಷನ್ ಬಾಡಿಗೆಯ ಎಷ್ಟು ಪಟ್ಟು ಎಂದು ಬರೆಯಿರಿ. ಅರ್ಜಿಗೆ ಸಹಿ ಆಗಿದೆಯೇ ಎಂದು ಕೇಳಿ. ಜಪಾನಿ ಓದಬಲ್ಲ ಅಕ್ಕಂದಿರು, ಅಣ್ಣಂದಿರು ವಾರಕ್ಕೆ ಒಂದು ಸಂಜೆಯ ಅರ್ಧ ಗಂಟೆ ಇದಕ್ಕೆ ಕೊಡಿ. ಅರ್ಧ ತಿಂಗಳ ಕಮಿಷನ್‌ಗೆ ಮನೆ ಕೊಡಿಸಿದ ಏಜೆನ್ಸಿಗಳು ನಿಮಗೆ ಸಿಕ್ಕಿದ್ದರೆ ಅವುಗಳ ಹೆಸರನ್ನು ಗುಂಪಿನಲ್ಲಿ ಹಂಚಿಕೊಳ್ಳಿ. ಅಂಥವು ಇವೆ, ತೆರೆದು ಜಾಹೀರಾತು ಮಾಡುವವೂ ಇವೆ, ನಮ್ಮವರ ವ್ಯಾಪಾರ ಅವರಿಗೆ ಹೋಗಲಿ.

ಏಪ್ರಿಲ್ ಹೊತ್ತಿಗೆ ಮನೆ ಬೇಕಾದವರು ಈ ವಾರವೇ ನಿಮ್ಮ ಹಾಳೆಯನ್ನು ಹಾಕಿ. ಅರ್ಜಿಗೆ ಸಹಿ ಮಾಡುವ ಹಿಂದಿನ ದಿನ ಹಾಕಿದರೂ ಸಾಕು, ಮರುದಿನ ಹಾಕಿದರೆ ತಡ.